ಹಿಟ್ಟಿನ ಲೆಕ್ಕ

ಬೆಂಗಳೂರಿನ ಜಯನಗರದ ಒಂದು ಅಡ್ಡರಸ್ತೆಯಲ್ಲಿ ಹೊಸ ಹೋಟೆಲೊಂದು ಬಾಗಿಲು ತೆರೆಯುವುದಿತ್ತು. ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದ ತಂದೆಯ ಉಳಿತಾಯದ ಹಣ, ತಾಯಿಯ ಕೈರುಚಿ, ಮಗನ ಉತ್ಸಾಹ, ಇವೇ ಅದರ ಬಂಡವಾಳ. ಬಡಾವಣೆಯವರಿಗೆ ವಾಟ್ಸಾಪಿನಲ್ಲಿ ಕಳುಹಿಸಬೇಕಾದ ಪ್ರಕಟಣೆಯನ್ನು ಮಗನೇ ಬರೆದು, ರಾತ್ರಿ ಊಟವಾದ ಮೇಲೆ ಇಬ್ಬರಿಗೂ ಓದಿ ಹೇಳಿದನು.

“ನಗರದ ಅತ್ಯುತ್ತಮ ಮಸಾಲೆ ದೋಸೆ! ಐವತ್ತು ಬಗೆಯ ತಿಂಡಿ! ಬರುವ ಭಾನುವಾರ ಉದ್ಘಾಟನೆ, ಅಂದು ಎಲ್ಲಕ್ಕೂ ಅರ್ಧ ಬೆಲೆ. ಎಲ್ಲರೂ ಕುಟುಂಬ ಸಮೇತ ಬನ್ನಿ!”

ತಾಯಿ ಮೆಚ್ಚಲೂ ಇಲ್ಲ, ಹಳಿಯಲೂ ಇಲ್ಲ. “ಎಷ್ಟು ಮನೆಗೆ ಕಳಿಸ್ತೀಯಪ್ಪಾ?” ಎಂದಷ್ಟೆ ಕೇಳಿದರು.

“ನಾಲ್ಕು ರಸ್ತೆ ಅಮ್ಮ, 400 ಮನೆ.”

ತಂದೆ ಕನ್ನಡಕ ಏರಿಸಿ ಕಾಗದ ತೆಗೆದುಕೊಂಡರು. ಅರ್ಧದಷ್ಟು ಮನೆಯವರು ಬಂದರೂ, ಮನೆಗೆ ಮೂವರಂತೆ 600 ಮಂದಿ. ಹೋಟೆಲಿನಲ್ಲಿರುವುದೋ 36 ಆಸನ. ಒಂದು ಕುಟುಂಬ ಕುಳಿತು, ತಿಂದು, ಕಾಫಿ ಕುಡಿದು ಏಳಲು 40 ನಿಮಿಷ ಬೇಕು. ಆ ಲೆಕ್ಕಕ್ಕೆ ಗಂಟೆಗೆ 54 ಜನ. ಬೆಳಗಿನ ಏಳರಿಂದ ಹನ್ನೊಂದರವರೆಗೆ 216. ಉಳಿದವರೆಲ್ಲ ಬೀದಿಯಲ್ಲಿ ನಿಲ್ಲಬೇಕಷ್ಟೆ.

“ಕುರ್ಚಿಯಾದರೂ ಬಾಡಿಗೆಗೆ ತರಬಹುದು,” ಎಂದರು ತಾಯಿ, “ಹಿಟ್ಟು ತರೋಕಾಗಲ್ಲ.”

ದೋಸೆಯ ಕಷ್ಟವೇ ಅದು. ಒಂದು ಕಿಲೋ ಅಕ್ಕಿಗೆ ಕಾಲು ಕಿಲೋ ಉದ್ದು ಹಾಕಿ ರುಬ್ಬಿದರೆ ಹೆಚ್ಚು ಕಡಿಮೆ ಮೂವತ್ತು ದೋಸೆ. ಅಕ್ಕಿ ನೆನೆಯಬೇಕು, ಹಿಟ್ಟು ರಾತ್ರಿಯೆಲ್ಲ ಹುದುಗಬೇಕು. ಇಂದಿನ ದೋಸೆಯ ಸಂಖ್ಯೆ ನಿನ್ನೆಯೇ ನಿಶ್ಚಯವಾಗಿಬಿಟ್ಟಿರುತ್ತದೆ. ಒಂಬತ್ತು ಗಂಟೆಗೆ ಪಾತ್ರೆ ಬರಿದಾಯಿತೆಂದು ಆಗಲೇ ರುಬ್ಬಿ ಹೊಯ್ದರೆ, ಕಾವಲಿಯ ಮೇಲೆ ತೂತು ಬೀಳದ, ಬಣ್ಣ ಬಾರದ, ಬಿಳಿಚಿಕೊಂಡ ದೋಸೆ ಎದ್ದೀತು. ಅದನ್ನು ತಿಂದವರು ಪಕ್ಕದ ಮನೆಯವರು. ಪರಊರಿನವನಾದರೆ ಮರೆತು ಹೋಗುತ್ತಾನೆ. ನೆರೆಯವರು ದಿನವೂ ಅದೇ ಬಾಗಿಲ ಮುಂದೆ ನೆನಪಿಸಿಕೊಳ್ಳುತ್ತ ಹಾಯುತ್ತಾರೆ.

ಅರ್ಧ ಬೆಲೆಯ ಸಾಲನ್ನು ಕಂಡು ತಂದೆ ತಲೆಯಾಡಿಸಿದರು. ಆ ಸಾಲೊಂದೇ ಸಾಕು, ಪ್ರಕಟಣೆ ಕೈಯಿಂದ ಕೈಗೆ ದಾಟಿ ಊರೆಲ್ಲ ತಿರುಗುವುದು. ದೂರದಿಂದ ಬಂದವನು ಅಗ್ಗವಾಗಿ ತಿಂದು ಹೋಗುವನು, ಎದುರು ಮನೆಯ ಅಜ್ಜಿಗೆ ಜಾಗ ಸಿಗದು. 80 ರೂಪಾಯಿಯ ದೋಸೆಯನ್ನು ಮೊದಲ ದಿನ 40ಕ್ಕೆ ತಿಂದವನಿಗೆ ಮರುದಿನದ 80 ನ್ಯಾಯವಾದ ಬೆಲೆಯಾಗಿ ಕಾಣುವುದಿಲ್ಲ, ದುಪ್ಪಟ್ಟಾಗಿ ಕಾಣುತ್ತದೆ. ಇನ್ನು ಪ್ರಕಟಣೆಯಲ್ಲಿ 80 ಎಂದು ಬರೆದು, ಬಿಲ್ಲಿನಲ್ಲಿ ಶೇಕಡ 5ರ ತೆರಿಗೆ ಸೇರಿಸಿ 84 ಕೇಳಿದರೆ ಆ ನಾಲ್ಕು ರೂಪಾಯಿ ದೋಸೆಯ ರುಚಿಯನ್ನೇ ಕೆಡಿಸೀತು. ತೆರಿಗೆ ಸೇರಿಸಿಯೇ ಬೆಲೆ ಬರೆಯುವುದು ಮೇಲು.

ಮಗನ ಮುಖ ಸಪ್ಪಗಾಯಿತು. “ಹಾಗಾದರೆ ಬರೆಯೋದೇನಮ್ಮಾ?”

“ನಾವು ಮಾಡೋಕಾಗೋದನ್ನ ಬರಿ.”

ಐವತ್ತು ಬಗೆ ನಾಲ್ಕಕ್ಕೆ ಇಳಿಯಿತು. ಎಲ್ಲರೂ ಒಂದೇ ಹೊತ್ತಿಗೆ ಏಳುವ ಭಾನುವಾರ ಹೋಗಿ ಸೋಮವಾರ ಬಂತು. ರಸ್ತೆಗೊಂದು ದಿನವಾಯಿತು: ನೂರು ಮನೆಯಲ್ಲಿ ಅರ್ಧ ಬಂದರೆ 150 ಮಂದಿ, ದಾರಿಹೋಕರಿಗೂ ಎಡೆ ಉಳಿಯಿತು. ‘ಕುಟುಂಬ ಸಮೇತ’ ಎಂಬ ಮಾತಿಗೂ ಅರ್ಥ ಬೇಕಾಯಿತು. ಹಿಂದೆ ಹೋಟೆಲುಗಳಲ್ಲಿ ಹೆಂಗಸರು ಮಕ್ಕಳಿಗೆಂದು ಮರೆಮಾಡಿದ ‘ಫ್ಯಾಮಿಲಿ ರೂಮು’ ಇರುತ್ತಿತ್ತು. ಇಂದು ಮನೆಯವರು ಕೇಳುವುದು, ಮಂಡಿನೋವಿನ ಅಜ್ಜಿ ಮೆಟ್ಟಿಲು ಹತ್ತಬೇಕೇ, ಮಗುವಿಗೆ ಖಾರವಿಲ್ಲದ್ದು ಸಿಗುವುದೇ ಎಂದು. ಕೊನೆಗೆ ಉಳಿದ ಪ್ರಕಟಣೆ ಇದು:

“ನೆರೆಹೊರೆಯವರಿಗೆ ನಮಸ್ಕಾರ. ಮೂಲೆಯ ಔಷಧದಂಗಡಿಯ ಪಕ್ಕದಲ್ಲಿ ಸೋಮವಾರದಿಂದ ನಮ್ಮ ಹೋಟೆಲು ತೆರೆಯುತ್ತದೆ. ಬೆಳಿಗ್ಗೆ 7ರಿಂದ 11. ಇಡ್ಲಿ, ಮಸಾಲೆ ದೋಸೆ, ಉಪ್ಪಿಟ್ಟು, ಕೇಸರಿಬಾತು, ಕಾಫಿ. ಮಸಾಲೆ ದೋಸೆ 80 ರೂಪಾಯಿ, ತೆರಿಗೆ ಸೇರಿ. ಸ್ಥಳ ಚಿಕ್ಕದು, ಸೋಮವಾರ ಮೊದಲನೆಯ ಅಡ್ಡರಸ್ತೆಯವರು, ಮಂಗಳವಾರ ಎರಡನೆಯವರು, ಹೀಗೆ ಗುರುವಾರದವರೆಗೆ ದಯಮಾಡಿಸಿದರೆ ಎಲ್ಲರನ್ನೂ ಕೂರಿಸಿ ಉಪಚರಿಸಬಹುದು. ಮೆಟ್ಟಿಲಿಲ್ಲ. ಮಕ್ಕಳಿಗೆ ಖಾರವಿಲ್ಲದ ದೋಸೆ ಉಂಟು. ಹಿಟ್ಟು ಮುಗಿದರೆ ಅಂದಿಗೆ ದೋಸೆ ಇಲ್ಲ. ಬಿಸಿ ಉಪ್ಪಿಟ್ಟು ಇರುತ್ತದೆ.”

ದೋಸೆ ಇಲ್ಲವೆಂಬ ವಾಕ್ಯವನ್ನು ತೆಗೆಯಬೇಕೆಂದು ಮಗ ಹಟ ಹಿಡಿದನು. ಮೊದಲ ದಿನವೇ ‘ಇಲ್ಲ’ ಎನ್ನುವುದೇ? ತಾಯಿ ಬಿಡಲಿಲ್ಲ. ಭಾನುವಾರ ಸಂಜೆ ಆರು ಕಿಲೋ ಅಕ್ಕಿಯ ಹಿಟ್ಟು ರುಬ್ಬಿಟ್ಟು ಮಲಗಿದರು.

ಸೋಮವಾರ ಹತ್ತೂಕಾಲಿಗೆ ಕೊನೆಯ ದೋಸೆ ಕಾವಲಿಯಿಂದೆದ್ದಿತು. ಆಗ ಬಂದ ವೃದ್ಧ ದಂಪತಿಗಳ ಮುಂದೆ ಮಗ ಕೈಕಟ್ಟಿ ನಿಂತು, ಬಾಯಿ ತೆರೆಯಲಾರದೆ ತಡವರಿಸಿದನು.

“ಮುಗೀತೇನಪ್ಪಾ? ನೀವೇ ಬರೆದಿದ್ದಿರಲ್ಲ,” ಎಂದು ಆ ಹಿರಿಯರು ನಕ್ಕು ಕುಳಿತರು. “ಉಪ್ಪಿಟ್ಟು ತಾ. ನಾಳೆ ಬೇಗ ಬರ್ತೀವಿ.”

ಮಗ ಒಳಗೆ ಹೋದನು. ತಾಯಿ ಆಗಲೇ ರವೆ ಹುರಿಯುತ್ತಿದ್ದರು. ಅವನು ಏನೂ ಹೇಳಲಿಲ್ಲ. ಮಂಗಳವಾರಕ್ಕೆಂದು ಏಳು ಕಿಲೋ ಅಕ್ಕಿ ಅಳೆದು ನೆನೆಹಾಕಿದನು.