ನಮ್ಮ ಮನೆಯ ‘ತಡಿಯವ್ವ’

ಅಕ್ಕಂದಿರೇ, ನಿಮ್ಮ ಮನೆ ಪಡಸಾಲಿಯಲ್ಲೂ ಒಂದು ಹಳೇ ಸ್ಕೂಟರ್ ನಿಂತಿದೆಯೇ? ಅದಕ್ಕೆ ಹೆಸರಿಟ್ಟಿದ್ದೀರಾ? ದನಕರುಗಳಿಗೆಲ್ಲ ಹೆಸರಿಡುವ ನಾವು ಇದನ್ನೊಂದು ಯಾಕೆ ಬಿಡಬೇಕು, ಹೇಳ್ರಿ!

ನಮ್ಮದು ಬಜಾಜ್ ಚೇತಕ್. ಮಾವನವರು 1983ರಲ್ಲಿ ಮುನವಳ್ಳಿಗೆ ತಂದದ್ದು. ಆ ಕಾಲದಲ್ಲಿ ದುಡ್ಡು ಕಟ್ಟಿದರೂ ಸ್ಕೂಟರ್ ಕೈಗೆ ಬರಲು ವರ್ಷಗಟ್ಟಲೆ ಕಾಯಬೇಕಿತ್ತು. ಇವರೂ ಏಳು ವರ್ಷ ಪಾಳಿ ಕಾದಿದ್ದರಂತೆ. ಮಾವನವರು ತೀರಿಕೊಂಡ ಮೇಲೆ ನಮ್ಮನೆಯವರು, “ಗುಜರಿಗೆ ಕೊಟ್ಟುಬಿಡೋಣ” ಎಂದರು. ಅತ್ತೆಯವರು ಏನೂ ಮಾತಾಡಲಿಲ್ಲ, ಆದರೆ ಆವತ್ತು ಊಟಕ್ಕೂ ಏಳಲಿಲ್ಲ. ಆಗ ಮಗಳು, “ಹೆಸರು ಇಟ್ರ ಯಾರೂ ಮಾರೂದಿಲ್ಲ ಬಿಡ್ರಿ” ಎಂದು ಹೆಸರು ಹುಡುಕತೊಡಗಿದಳು.

ಚೇತಕ್ ಎಂಬುದೇ ರಾಣಾ ಪ್ರತಾಪನ ಕುದುರೆಯ ಹೆಸರು. ಆದರೆ ಅದು ಕಂಪನಿ ಇಟ್ಟದ್ದು, ಊರಲ್ಲಿದ್ದ ಎಲ್ಲ ಚೇತಕ್‌ಗಳಿಗೂ ಅದೇ. ಬಣ್ಣ ನೋಡಿ ‘ನೀಲವ್ವ’ ಎನ್ನೋಣವೆಂದರೆ ನಾಳೆ ಬಣ್ಣ ಬದಲಾದೀತು. ಹೊಗೆ ನೋಡಿ ಮಗ ‘ಧೂಮಪ್ಪ’ ಎಂದ. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ತೋರಿಸಿದ, ಕರ್ರಗೆ ಎಣ್ಣೆ ಮೆತ್ತಿತ್ತು. ಈ ಗಾಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಅಳತೆ ಮೀರಿದರೆ ಹೊಗೆ, ಕಡಿಮೆಯಾದರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಲೀಟರಿಗೆ 20 ಮಿಲಿಯಂತೆ ಅಳೆದು ಹಾಕತೊಡಗಿದ ಮೇಲೆ ಹೊಗೆ ತಗ್ಗಿತು, ಧೂಮಪ್ಪನೂ ಮಾಯವಾದ! ಅದಕ್ಕೇ ನೋಡ್ರಿ, ರಿಪೇರಿಯಿಂದ ಹೋಗುವ ದೋಷಕ್ಕೆ ಹೆಸರಿಡಬಾರದು, ರಿಪೇರಿಯಾದ ಮೇಲೂ ಉಳಿಯುವ ಗುಣಕ್ಕೆ ಇಡಬೇಕು.

ನಮ್ಮದರ ಅಂಥ ಗುಣವೆಂದರೆ ಮುಂಜಾನೆಯ ಹಟ. ರಾತ್ರಿ ನಿಂತು ತಣ್ಣಗಾದ ಎಂಜಿನ್ನಿಗೆ ಶುರುವಿನಲ್ಲಿ ಪೆಟ್ರೋಲ್ ತುಸು ಹೆಚ್ಚು ಬೇಕು. ಅದಕ್ಕೆ ಚೋಕ್ ಎಳೆದು, ಗಾಡಿಯನ್ನು ಒಂದು ಬದಿಗೆ ವಾಲಿಸಿ, ಆಮೇಲೆ ಕಿಕ್ ಹೊಡೆಯಬೇಕು. ಅವಸರದಿಂದ ಹೊಡೆದಷ್ಟೂ ಪ್ಲಗ್ ತೊಯ್ದು ಪೂರ್ತಿ ಕೂತುಬಿಡುತ್ತದೆ. ಆಗ ಪ್ಲಗ್ ಬಿಚ್ಚಿ, ಒರೆಸಿ, ಆರಿಸಿ, ಸುಮ್ಮನೆ ಕಾಯುವುದೊಂದೇ ದಾರಿ.

ಇದನ್ನೆಲ್ಲ ಮಾತಾಡುತ್ತಿದ್ದಾಗ ಅತ್ತೆಯವರು ಒಳಗಿನಿಂದಲೇ, “ನಿಮ್ಮ ಮಾವ ದಿನಾ ಅದರ ಬೆನ್ನ ತಟ್ಟಿ ‘ತಡಿ ಯವ್ವಾ, ತಡಿ’ ಅಂತಿದ್ರು” ಎಂದರು. ಎಷ್ಟೋ ದಿನದ ಮೇಲೆ ಅವರ ಬಾಯಲ್ಲಿ ಮಾವನವರ ಮಾತು ಬಂದಿತ್ತು. ಹೆಸರೂ ಅಲ್ಲೇ ಸಿಕ್ಕಿತು: ತಡಿಯವ್ವ! ಏಳು ವರ್ಷ ಕಾಯಿಸಿ ಬಂದವಳು, ಈಗಲೂ ದಿನಾ ಕಾಯಿಸುವವಳು. ಮೇಲಾಗಿ ನಮ್ಮೂರು ಮಲಪ್ರಭೆಯ ತಡಿಯಲ್ಲೇ ಇದೆಯಲ್ಲ!

ನಂಬರ್ ಪ್ಲೇಟಿನ ಮೇಲೆ ಹೆಸರು ಬರೆಸುವಂತಿಲ್ಲ, ಕಾಯ್ದೆ ಒಪ್ಪುವುದಿಲ್ಲ. ಮಗಳು ಸ್ಟೆಪ್ನಿಯ ಕವರಿನ ಮೇಲೆ ಬರೆದಳು. 2020ರಲ್ಲಿ ಚೇತಕ್ ಹೆಸರಿನಲ್ಲೇ ಕರೆಂಟಿನ ಸ್ಕೂಟರ್ ಬಂತು, ಅದಕ್ಕೆ ಕಿಕ್ಕೂ ಬೇಡ, ಎಣ್ಣೆಯೂ ಬೇಡ. ಅದನ್ನು ಕೊಂಡವರೂ ನಾಕು ವರ್ಷ ಅದರ ಸ್ವಭಾವ ನೋಡಿಯೇ ಹೆಸರಿಡ್ರಿ. ನಮ್ಮನೆಯವರಂತೂ ಗುಜರಿಯ ಮಾತು ಮತ್ತೆ ಎತ್ತಿಲ್ಲ.