ಮುದ್ದತು ಮೀರಿದ ಸಾಲಕ್ಕೆ ಮತ್ತೆ ಫೋನ್ ಬಂದಾಗ

ಉತ್ತರ ಕರ್ನಾಟಕದ ಒಂದು ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲಿ ನಾನು ಇಪ್ಪತ್ತಾರು ವರ್ಷ ಕೆಲಸ ಮಾಡಿದೆ. ಪ್ರತಿ ಮಾರ್ಚ್ ಬಂತೆಂದರೆ ನಮಗೊಂದು ವಿಶೇಷ ಕೆಲಸ ಇರುತ್ತಿತ್ತು. ಹಳೆಯ ಸಾಲಗಾರರ ಪಟ್ಟಿ ಹಿಡಿದು ಹಳ್ಳಿ ಹಳ್ಳಿ ತಿರುಗಿ, "ಬಾಕಿ ಇಷ್ಟಿದೆ ಎಂದು ಒಪ್ಪಿದ್ದೇನೆ" ಎಂಬ ಒಂದು ಹಾಳೆಗೆ ಸಹಿ ಹಾಕಿಸಿಕೊಂಡು ಬರುವುದು. ದುಡ್ಡು ಕೊಡದಿದ್ದರೂ ಚಿಂತೆ ಇಲ್ಲ, ಸಹಿ ಬೇಕು ಎನ್ನುತ್ತಿದ್ದರು ಮ್ಯಾನೇಜರ್. ಆ ಸಹಿಯ ಬೆಲೆ ಎಷ್ಟೆಂದು ಸಾಲಗಾರರಿಗೆ ಗೊತ್ತಿರುತ್ತಿರಲಿಲ್ಲ, ನಮಗೆ ಗೊತ್ತಿತ್ತು.

ಈಗ ನಿವೃತ್ತನಾಗಿ ಪುಣೆಯಲ್ಲಿ ಮಗಳ ಮನೆಯಲ್ಲಿದ್ದೇನೆ. ಕಳೆದ ವರ್ಷ ನಮ್ಮ ಸೊಸೈಟಿಯಲ್ಲೇ ಇರುವ ಗದಗಿನ ಹುಡುಗನೊಬ್ಬ ಸಂಜೆ ಬಂದು ಕೂತ. ಮುಖ ಬಾಡಿತ್ತು. "ಕಾಕಾ, ಎಂಟು ವರ್ಷದ ಹಿಂದಿನ ಕ್ರೆಡಿಟ್ ಕಾರ್ಡಿನ ಬಾಕಿ ಅಂತ ಫೋನ್ ಮಾಡ್ಲಿಕ್ಕತ್ತಾರ. ಎರಡು ಲಕ್ಷ ಎಂಬತ್ತಾರು ಸಾವಿರ ಅಂತ. ಅರವತ್ತು ಸಾವಿರಕ್ಕ ಮುಗಸ್ತೀವಿ, ಇವತ್ತ ಐದು ಸಾವಿರ ಹಾಕು, ಇಲ್ಲಾಂದ್ರ ಶಿವಾಜಿನಗರ ಕೋರ್ಟಿನ್ಯಾಗ ಕೇಸ್ ಅಂತಾರ" ಎಂದ.

"ತಮ್ಮಾ, ಏನರ ಸಹಿ ಮಾಡಿಯೇನು? ಮೆಸೇಜಿನ್ಯಾಗ ಕೊಡ್ತೀನಿ ಅಂತ ಬರದಿಯೇನು?" ಎಂದು ಮೊದಲು ಕೇಳಿದೆ. ಇಲ್ಲ ಎಂದ. ಹಾಗಾದರೆ ಲೆಕ್ಕ ಹಾಕೋಣ ಎಂದು ಕಾಗದ ತೆಗೆದೆವು.

1963ರ ಲಿಮಿಟೇಶನ್ ಕಾಯ್ದೆಯ ಪ್ರಕಾರ ಅಡವಿಲ್ಲದ ಸಾಲದ ವಸೂಲಿಗೆ ದಾವೆ ಹಾಕಲು ಮೂರು ವರ್ಷ ಅವಕಾಶ. ಆ ಮೂರು ವರ್ಷದೊಳಗೆ ಸಾಲಗಾರ ಬಾಕಿಯನ್ನು ಬರೆದು ಸಹಿ ಮಾಡಿ ಒಪ್ಪಿದರೆ, ಅಥವಾ ತನ್ನ ಸಹಿಯ ಚೆಕ್ಕಿನಂಥ ದಾಖಲೆಯೊಡನೆ ಒಂದಿಷ್ಟು ಕಟ್ಟಿದರೆ, ಅಂದಿನಿಂದ ಮತ್ತೆ ಮೂರು ವರ್ಷ ಶುರುವಾಗುತ್ತದೆ. ನಾವು ಹಳ್ಳಿ ತಿರುಗುತ್ತಿದ್ದದ್ದು ಇದಕ್ಕೇ.

ಹುಡುಗ ಚೆಕ್ಕಿನ ಮೂಲಕ ಕೊನೆಯ ಬಾರಿ ಕಟ್ಟಿದ್ದು 2017ರ ಜೂನ್ 10ರಂದು. ಆಮೇಲೆ ಕಂಪನಿ ಮುಚ್ಚಿತು, ಕಾರ್ಡೂ ನಿಂತಿತು. ಆಗ ಅಸಲು ಬಾಕಿ ಇದ್ದದ್ದು 41 ಸಾವಿರ. ಅಲ್ಲಿಂದ ಮೂರು ವರ್ಷ ಎಂದರೆ 2020ರ ಜೂನ್. ಇಲ್ಲಿ ಬಹಳ ಜನ ಮರೆಯುವ ಒಂದು ಸಂಗತಿ ಇದೆ. ಕೋವಿಡ್ ಕಾರಣಕ್ಕೆ ಸುಪ್ರೀಂ ಕೋರ್ಟು 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ದಿನಗಳನ್ನು ಈ ಲೆಕ್ಕದಿಂದ ಹೊರಗಿಟ್ಟಿತು. ಆ ನಡುವೆ ಮುದ್ದತು ಮುಗಿಯುವವರಿಗೆ ಮಾರ್ಚ್ 1ರಿಂದ ಕನಿಷ್ಠ 90 ದಿನ ಕೊಟ್ಟಿತು. ಹೀಗಾಗಿ ಈ ಸಾಲದ ಮುದ್ದತು 2022ರ ಮೇ ಕೊನೆಗೆ ಮುಗಿಯಿತು. ಕೊನೆಯ ಬಿಲ್ಲಿನ ತಾರೀಖಿನಿಂದ ಎಣಿಸಿದರೂ ಒಂದು ತಿಂಗಳು ಮುಂದೆ ಹೋದೀತು, ಅಷ್ಟೇ. ಫೋನ್ ಬಂದದ್ದು 2025ರಲ್ಲಿ.

"ಬ್ಯಾಂಕು ಸಾಲಾನ ಬ್ಯಾರೆ ಕಂಪನಿಗೆ ಮಾರೇತಿ ಅಂತ ಕಾಕಾ, ಅವರಿಗೆ ಹೊಸಾ ಮುದ್ದತು ಸಿಗೂದಿಲ್ಲೇನು?" ಎಂದ. ಸಿಗುವುದಿಲ್ಲ. ಕೊಂಡವರಿಗೆ ಬರುವುದು ಮಾರಿದವರ ಹಕ್ಕು ಮಾತ್ರ, ಅದೂ ಆಗ ಎಷ್ಟು ಉಳಿದಿತ್ತೋ ಅಷ್ಟೇ.

ಆದರೂ ಒಂದನ್ನು ಪರೀಕ್ಷೆ ಮಾಡಲೇಬೇಕಿತ್ತು. ಮುದ್ದತಿನೊಳಗೇ ಬ್ಯಾಂಕು ದಾವೆ ಹಾಕಿ, ನೋಟಿಸು ಹಳೆಯ ವಿಳಾಸಕ್ಕೆ ಹೋಗಿ, ಡಿಕ್ರಿ ಆಗಿದ್ದರೆ ನಮ್ಮ ಲೆಕ್ಕವೆಲ್ಲ ವ್ಯರ್ಥ. ಡಿಕ್ರಿಯನ್ನು ಜಾರಿ ಮಾಡಲು 12 ವರ್ಷ ಇರುತ್ತದೆ. ಆರ್ಬಿಟ್ರೇಟರ್ ಕೊಟ್ಟ ಅವಾರ್ಡಿಗೂ ಹಾಗೆಯೇ. services.ecourts.gov.in ತೆರೆದು ಪುಣೆಯಲ್ಲೂ, ಅವನು ಮೊದಲು ಇದ್ದ ಬೆಂಗಳೂರಿನಲ್ಲೂ ಅವನ ಹೆಸರಿನಲ್ಲಿ ಹುಡುಕಿದೆವು. ಏನೂ ಸಿಗಲಿಲ್ಲ. ಅವಾರ್ಡು ಅಲ್ಲಿ ಕಾಣಿಸದೇ ಇರಬಹುದಾದ್ದರಿಂದ ಅದನ್ನು ಅವರನ್ನೇ ಕೇಳುವುದೆಂದು ಗೊತ್ತುಮಾಡಿದೆವು.

ಇನ್ನು ಆ ಐದು ಸಾವಿರದ ಮಾತು. ಮುದ್ದತು ಮುಗಿದ ಮೇಲೆ ಬರಿ ದುಡ್ಡು ಕಟ್ಟಿದ್ದರಿಂದಲೇ ಲಿಮಿಟೇಶನ್ ಕಾಯ್ದೆಯಡಿ ಸಾಲಕ್ಕೆ ಹೊಸ ಮುದ್ದತು ಬರುವುದಿಲ್ಲ. ಆದರೆ 1872ರ ಕರಾರು ಕಾಯ್ದೆಯ 25ನೇ ಕಲಮಿನಲ್ಲಿ ಒಂದು ಬಾಗಿಲಿದೆ. ಮುದ್ದತು ಮೀರಿದ ಸಾಲವನ್ನು ತೀರಿಸುತ್ತೇನೆಂದು ಬರೆದು ಸಹಿ ಮಾಡಿದರೆ ಅದೇ ಹೊಸ ಕರಾರು. ಐದು ಸಾವಿರದ ಜೊತೆಗೆ ಅವರು ಕಳಿಸುವ ಸೆಟಲ್‌ಮೆಂಟ್ ಪತ್ರದಲ್ಲಿ "ಉಳಿದ 55 ಸಾವಿರ ಕಂತಿನಲ್ಲಿ ಕೊಡುತ್ತೇನೆ" ಎಂಬ ಸಾಲು ಇರುತ್ತದೆ. ಸತ್ತ ಸಾಲ ಎದ್ದು ಕೂರುವುದು ಅಲ್ಲಿ. ಚೆಕ್ಕು ಕೊಟ್ಟರೂ ಅಪಾಯವೇ. ಇಂಥ ಸಾಲಕ್ಕೆ ಕೊಟ್ಟ ಚೆಕ್ಕೂ ಲಿಖಿತ ವಾಗ್ದಾನವೇ ಎಂದು ಬಾಂಬೆ ಹೈಕೋರ್ಟು 2012ರಲ್ಲಿ ಹೇಳಿದೆ. ಅದು ಬೌನ್ಸ್ ಆದರೆ ಕ್ರಿಮಿನಲ್ ಕೇಸು. ಇಮೇಲಿನಲ್ಲಿ ಸಹಿ ಎಲ್ಲಿದೆ ಎನ್ನುವ ಹಾಗೂ ಇಲ್ಲ. ಇಮೇಲಿನಲ್ಲಿ ಬಾಕಿ ಒಪ್ಪಿದ್ದೂ ಒಪ್ಪಿಗೆಯೇ ಎಂದು ನಮ್ಮ ಕರ್ನಾಟಕ ಹೈಕೋರ್ಟು 2013ರಲ್ಲಿ ತೀರ್ಪು ಕೊಟ್ಟಿದೆ. "ಮುಂದಿನ ತಿಂಗಳು ನೋಡೋಣ ಸರ್" ಎಂದು ಕೂಡ ಬರೆಯಬೇಡ ಎಂದೆ.

ನಾವು ಬರೆದದ್ದು ಐದೇ ಸಾಲು. ಈ ಬಾಕಿಯನ್ನು ನಾನು ಒಪ್ಪುವುದಿಲ್ಲ. ಖಾತೆಯ ಪೂರ್ತಿ ಸ್ಟೇಟ್‌ಮೆಂಟು, ಕೊನೆಯ ಪಾವತಿಯ ತಾರೀಖು, ಸಾಲ ನಿಮಗೆ ವರ್ಗವಾದ ಪತ್ರ ಕಳಿಸಿ. ಡಿಕ್ರಿ ಅಥವಾ ಅವಾರ್ಡು ಇದ್ದರೆ ಅದರ ಪ್ರತಿ ಕಳಿಸಿ. ನಿಮ್ಮ ಕ್ಲೇಮು ಕಾಲಮಿತಿ ಮೀರಿದ್ದು. ಈ ಪತ್ರವನ್ನು ಸಾಲದ ಒಪ್ಪಿಗೆ ಎಂದು ತಿಳಿಯಬಾರದು. ಇದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆವು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದೆಂದು ರಿಸರ್ವ್ ಬ್ಯಾಂಕು ಹೇಳಿದೆಯಾದ್ದರಿಂದ ಕರೆಗಳ ಸಮಯವನ್ನೂ ಬರೆದಿಡಲು ಹೇಳಿದೆ.

ಸ್ಟೇಟ್‌ಮೆಂಟಾಗಲಿ ಅವಾರ್ಡಾಗಲಿ ಬರಲಿಲ್ಲ. ಎರಡು ತಿಂಗಳ ಮೇಲೆ ಮರಾಠಿಯಲ್ಲಿ ಒಂದು ಲೋಕ ಅದಾಲತ್ ನೋಟಿಸು ಬಂತು. ಮೇಲೆ ಮುದ್ರೆ ನೋಡಿ ಅವನ ಹೆಂಡತಿ ಗಾಬರಿಯಾಗಿದ್ದಳು. ಓದಿದರೆ ಅದು "ದಾವಾಪೂರ್ವ" ಪ್ರಕರಣ. ಅಂದರೆ ದಾವೆಯೇ ಇಲ್ಲ, ರಾಜಿಗೆ ಕರೆ ಮಾತ್ರ. ಹೋಗದಿದ್ದರೆ ಯಾರೂ ಡಿಕ್ರಿ ಮಾಡುವುದಿಲ್ಲ. ಹೋಗಿ ರಾಜಿಗೆ ಸಹಿ ಮಾಡಿದರೆ ಮಾತ್ರ ಅದು ಡಿಕ್ರಿಗೆ ಸಮ, ಅದರ ಮೇಲೆ ಅಪೀಲೂ ಇಲ್ಲ. ಅವನು ಹೋಗಲಿಲ್ಲ. ಅದೇ ಪತ್ರದ ಪ್ರತಿ ಕಳಿಸಿದ.

ಆದರೆ ನಿಜವಾದ ಸಮನ್ಸು ಬಂದರೆ ಮನೆಯಲ್ಲಿ ಕೂರುವಂತಿಲ್ಲ. ಮುದ್ದತು ಮೀರಿದ ದಾವೆಯನ್ನು ಎದುರಾಳಿ ಹೇಳದಿದ್ದರೂ ಕೋರ್ಟು ವಜಾ ಮಾಡಬೇಕೆಂದು ಕಾಯ್ದೆಯ 3ನೇ ಕಲಮು ಹೇಳುತ್ತದೆ, ನಿಜ. ಆದರೆ ವಾದಿ ತೋರಿಸಿದ ತಾರೀಖನ್ನು ಅಲ್ಲಗಳೆಯುವವರು ಯಾರೂ ಇಲ್ಲದಿದ್ದರೆ ಏಕಪಕ್ಷೀಯ ಡಿಕ್ರಿ ಆಗಿಬಿಡಬಹುದು. ವಕೀಲರನ್ನು ಹಿಡಿದು ಉತ್ತರ ಹಾಕಲೇಬೇಕು.

ಮುದ್ದತು ಮೀರಿತೆಂದರೆ ಸಾಲ ಅಳಿಸಿಹೋಯಿತು ಎಂದಲ್ಲ, ಕೋರ್ಟಿನ ದಾರಿ ಮುಚ್ಚಿತು ಎಂದಷ್ಟೇ. ಸಿಬಿಲ್ ವರದಿಯಲ್ಲಿ ಅದು ಕಾಣಿಸುತ್ತಿರಬಹುದು. ಬ್ಯಾಂಕಿನ ಕೈಯಲ್ಲಿ ಭದ್ರತೆಯಾಗಿ ಠೇವಣಿ ಇದ್ದರೆ ಅದನ್ನು ಜಮಾ ಮಾಡಿಕೊಳ್ಳಬಹುದು. ಮನೆ ಅಡವಿಟ್ಟ ಸಾಲಕ್ಕೆ ಮೂರಲ್ಲ, 12 ವರ್ಷ.

ಹುಡುಗನಿಗೆ ಇನ್ನೊಂದು ಕೊರಗಿತ್ತು. "ಅಸಲು ನಾ ತಿಂದದ್ದು ಖರೇ ಅಲ್ಲ ಕಾಕಾ?" ಎಂದ. ಅದು ಅವನಿಗೂ ಅವನ ಮನಸ್ಸಿಗೂ ಬಿಟ್ಟದ್ದು. ಕೊಡುವುದೇ ಆದರೆ ಸಾಲ ಈಗ ಯಾರದೆಂದು ಕಾಗದದಲ್ಲಿ ಖಚಿತ ಮಾಡಿಕೊಂಡು, ಪೂರ್ತಿ ಬಾಕಿ ಇದರಿಂದ ಮುಗಿಯಿತೆಂಬ ಪತ್ರ ಮೊದಲು ಪಡೆದು, ಒಂದೇ ಗಂಟಿನಲ್ಲಿ, ಬ್ಯಾಂಕ್ ಖಾತೆಯ ಮೂಲಕ ಕೊಡು, ಕಂತಿಗೆ ಸಹಿ ಮಾಡಬೇಡ ಎಂದೆ. ದೀಪಾವಳಿ ಬೋನಸ್ಸಿನಲ್ಲಿ 41 ಸಾವಿರ ತೆಗೆದಿಟ್ಟಿದ್ದಾನೆ. ಸಾಲ ವರ್ಗವಾದ ಪತ್ರ ಕಳಿಸಿದರೆ ಮಾತಾಡುತ್ತೇನೆ ಎಂದಿದ್ದಾನೆ. ಪತ್ರ ಇನ್ನೂ ಬಂದಿಲ್ಲ.