ದುಡ್ಡು ಅವಳದು, ರಸೀದಿ ಅಪ್ಪಂದು (ಭಾಗ 6)

ನಿಮ್ಮ ಫೋನಲ್ಲಿ ಎಷ್ಟು ಜಿಮೇಲ್ ಇವೆ? ಒಂದು ನಿಮ್ಮದು, ಒಂದು ಕಾಲೇಜಿಂದು. ಮೂರನೇದು ಅಪ್ಪಂದೋ ಅಕ್ಕಂದೋ ಇರುತ್ತೆ, ಯಾಕಂದ್ರೆ ಆ ಫೋನ್ ಮೊದಲು ಅವರದಾಗಿತ್ತು. ಯಾರೂ ತೆಗೆಯೋಕೆ ಹೋಗಿರಲ್ಲ. ಪ್ಲೇ ಸ್ಟೋರ್ ಮಾತ್ರ ಮೂರನ್ನೂ ನೆನಪಿಟ್ಟುಕೊಂಡಿರುತ್ತೆ.

ಇದು ನನ್ನ ರೂಮ್‌ಮೇಟ್ ಕಥೆ. ಹೆಸರು ಹಾಕ್ಬೇಡ ಅಂದಿದ್ದಾಳೆ, ಹಾಕಲ್ಲ. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಲ್ಲಿ ಪರೀಕ್ಷೆ ತಯಾರಿಯ ಒಂದು ಆ್ಯಪ್‌ಗೆ ಒಂದು ವರ್ಷದ ಪ್ಲಾನ್ ತಗೊಂಡಳು. 1,499 ರೂಪಾಯಿ, ಶನಿವಾರ ರಾತ್ರಿ ಒಂಬತ್ತಕ್ಕೆ. ಯುಪಿಐ ಪಿನ್ ಅವಳದೇ, ಬ್ಯಾಂಕ್ ಖಾತೆ ಅವಳದೇ, ಆ್ಯಪ್ ಒಳಗೆ ಲಾಗಿನ್ ಆಗಿದ್ದೂ ಅವಳ ಮೊಬೈಲ್ ನಂಬರಿಂದಲೇ. ಎಲ್ಲಾ ಸರಿ ಇತ್ತು, ಪಾಠಗಳೂ ಓಪನ್ ಆದ್ವು.

ಭಾನುವಾರ ಬೆಳಿಗ್ಗೆ ಅರಸೀಕೆರೆಯಿಂದ ಅಪ್ಪನ ಫೋನು. "ಪುಟ್ಟಿ, ನನ್ನ ಮೇಲ್‌ಗೆ ಏನೋ ಬಿಲ್ ಬಂದದೆ, ಸಾವಿರದ ನಾನೂರ ತೊಂಬತ್ತೊಂಬತ್ತು ಅಂತೆ. ಯಾರೋ ಹ್ಯಾಕ್ ಮಾಡವ್ರೆ ಅನ್ಸುತ್ತೆ, ಬ್ಯಾಂಕ್‌ಗೆ ಹೋಗಿ ಅಕೌಂಟ್ ಬಂದ್ ಮಾಡಿಸ್ಲಾ?" ಅಪ್ಪನ ಖಾತೆಯಿಂದ ಒಂದು ಪೈಸೆನೂ ಹೋಗಿರಲಿಲ್ಲ. ರಸೀದಿ ಮಾತ್ರ ಅವರಿಗೆ ಹೋಗಿತ್ತು. ಅದೇ ಮಧ್ಯಾಹ್ನ ಇವಳು ತಮ್ಮನ ಟ್ಯಾಬ್‌ನಲ್ಲಿ ತನ್ನ ಜಿಮೇಲ್ ಹಾಕಿ ಆ್ಯಪ್ ತೆರೆದಳು. ಅದು ಮತ್ತೆ 1,499 ಕೇಳ್ತು.

ಇಲ್ಲಿ ಒಂದು ವಿಷಯ ನಿಧಾನಕ್ಕೆ ಅರ್ಥ ಮಾಡ್ಕೋಬೇಕು. ಒಂದು ಖರೀದಿಯಲ್ಲಿ ಮೂರು ಬೇರೆ ಬೇರೆ ಗುರುತುಗಳು ಇರ್ತವೆ. ದುಡ್ಡು ಹೋಗೋ ಬ್ಯಾಂಕ್ ಖಾತೆ ಒಂದು, ಆ್ಯಪ್ ಒಳಗಿನ ಲಾಗಿನ್ ಇನ್ನೊಂದು, ಪ್ಲೇ ಸ್ಟೋರ್ ಅಕೌಂಟ್ ಮೂರನೇದು. ಪ್ಲೇ ಸ್ಟೋರ್ ಲೆಕ್ಕದಲ್ಲಿ ಖರೀದಿ ಈ ಮೂರನೇದಕ್ಕೆ ಸೇರುತ್ತೆ, ದುಡ್ಡು ಯಾರ ಜೇಬಿಂದಾದ್ರೂ ಹೋಗಿರಲಿ. ಅಂಗಡಿಯಲ್ಲಿ ದುಡ್ಡು ನೀವು ಕೊಟ್ಟು ಬಿಲ್ಲಲ್ಲಿ ಅಪ್ಪನ ಹೆಸರು ಬರೆಸಿದ ಹಾಗೆ. ವಾರಂಟಿ ಕೇಳೋಕೆ ಅಪ್ಪನೇ ಬರಬೇಕು.

ಹಾಗಾದ್ರೆ ಅಪ್ಪನ ಅಕೌಂಟ್ ಎಲ್ಲಿಂದ ಬಂತು? ಆ ಆ್ಯಪನ್ನ ಇನ್‌ಸ್ಟಾಲ್ ಮಾಡಿದಾಗ ಪ್ಲೇ ಸ್ಟೋರ್‌ನಲ್ಲಿ ಮುಂದೆ ಇದ್ದದ್ದು ಅದೇ. ಆ್ಯಪ್ ಒಳಗಿನ ಖರೀದಿಗಳು ಸಾಮಾನ್ಯವಾಗಿ ಅದನ್ನ ಇಳಿಸಿಕೊಂಡ ಅಕೌಂಟಿಗೇ ಹೋಗ್ತವೆ. ಪಿನ್ ಹೊಡೆಯೋ ಮುಂಚೆ ಕೆಳಗಿಂದ ಒಂದು ಹಾಳೆ ಮೇಲೇಳುತ್ತಲ್ಲ, ಬೆಲೆ, ಪಾವತಿ ವಿಧಾನ ಎಲ್ಲಾ ಇರೋದು, ಅದರಲ್ಲಿ ಮೇಲ್ ಐಡಿನೂ ಸಣ್ಣ ಅಕ್ಷರದಲ್ಲಿ ಇರುತ್ತೆ. ನನ್ನ ಪ್ರಕಾರ ಅದು ಬೆಲೆಯಷ್ಟೇ ದೊಡ್ಡದಾಗಿ ಇರಬೇಕಿತ್ತು. ಮನೆಗೆ ಒಂದೇ ಫೋನ್ ಕೈಯಿಂದ ಕೈಗೆ ಹೋಗೋ ನಮ್ಮಂಥ ಕಡೆ ಅಂತೂ ಖಂಡಿತ.

ಹಾಸ್ಟೆಲ್‌ನಲ್ಲಿ ಸಲಹೆಗಳಿಗೆ ಬರ ಇಲ್ಲ. "ಅಪ್ಪನ ಅಕೌಂಟಿಂದ ನಿಂದಕ್ಕೆ ಟ್ರಾನ್ಸ್‌ಫರ್ ಮಾಡಿಸ್ಕೊಳ್ಳೇ" ಅಂದ್ರು ಒಬ್ರು. ಅದು ಆಗಲ್ಲ, ಪ್ಲೇ ಸ್ಟೋರ್ ಖರೀದಿಯನ್ನ ಒಂದು ಅಕೌಂಟಿಂದ ಇನ್ನೊಂದಕ್ಕೆ ಸಾಗಿಸೋ ದಾರಿ ಇಲ್ಲ. "ಫ್ಯಾಮಿಲಿ ಗ್ರೂಪ್ ಮಾಡಿ ಹಂಚ್ಕೋ" ಅಂದ್ರು ಇನ್ನೊಬ್ರು. ದುಡ್ಡು ಕೊಟ್ಟು ತಗೊಂಡ ಕೆಲವು ಆ್ಯಪ್‌ಗಳನ್ನ ಹಾಗೆ ಹಂಚಬಹುದು, ಆ್ಯಪ್ ಒಳಗೆ ತಗೊಂಡದ್ದನ್ನ ಆಗಲ್ಲ. ಸೀನಿಯರ್ ಅಕ್ಕ ಒಬ್ರು "ಅಪ್ಪನ ಅಕೌಂಟೇ ಫೋನಿಂದ ತೆಗೆದುಬಿಡು" ಅಂದ್ರು. ಅದನ್ನೇನಾದ್ರೂ ಮಾಡಿದ್ದಿದ್ರೆ ಇದ್ದ ಫೋನಲ್ಲೂ ಪ್ಲಾನ್ ಸಿಗದೇ ಹೋಗೋ ಸಾಧ್ಯತೆ ಇತ್ತು, ಮುಂದಿನ ವರ್ಷದ ಕಂತು ಮಾತ್ರ ನಿಲ್ತಿರಲಿಲ್ಲ. ಆ್ಯಪ್ ಡಿಲೀಟ್ ಮಾಡಿದ್ರೂ ಅಷ್ಟೇ, ಚಂದಾ ನಿಲ್ಲಲ್ಲ.

ಉಳಿದದ್ದು ರೀಫಂಡ್ ಒಂದೇ. ಅದಕ್ಕೆ ಗಡಿಯಾರ ಓಡ್ತಿರುತ್ತೆ. ಖರೀದಿ ಆಗಿ 48 ಗಂಟೆ ಒಳಗೆ ಪ್ಲೇ ಸ್ಟೋರ್‌ಗೇ ಅರ್ಜಿ ಹಾಕಬಹುದು, ಆಮೇಲೆ ಸಾಮಾನ್ಯವಾಗಿ ಆ್ಯಪ್ ಮಾಡಿದವರನ್ನೇ ಕೇಳ್ಕೋಬೇಕು. ಅವಳ ಲೆಕ್ಕದಲ್ಲಿ ಸೋಮವಾರ ರಾತ್ರಿ ಒಂಬತ್ತರ ತನಕ ಟೈಮ್ ಇತ್ತು. ನಾವು ಕೂತಿದ್ದು ಭಾನುವಾರ ಸಂಜೆ ಐದಕ್ಕೆ.

ಮೊದಲು ಪ್ಲೇ ಸ್ಟೋರ್ ತೆರೆದು, ಬಲಗಡೆ ಮೇಲಿನ ಗುಂಡಗಿನ ಫೋಟೋ ಒತ್ತಿ, ಅಪ್ಪನ ಅಕೌಂಟಿಗೆ ಬದಲಾಯಿಸಿದ್ವಿ. Payments & subscriptions ಒಳಗೆ Subscriptions ನೋಡಿದ್ರೆ ಪ್ಲಾನ್ ಅಲ್ಲಿ ಆರಾಮಾಗಿ ಕೂತಿತ್ತು. ಅವಳ ಅಕೌಂಟಲ್ಲಿ ಅದೇ ಜಾಗ ಖಾಲಿ. ಯಾರ ಹೆಸರಲ್ಲಿ ಹೋಗಿದೆ ಅಂತ ಪತ್ತೆ ಮಾಡೋಕೆ ಇದೇ ಸುಲಭದ ದಾರಿ, ಒಂದೊಂದೇ ಅಕೌಂಟಿಗೆ ಹೋಗಿ ನೋಡೋದು. ಅಲ್ಲೇ ಚಂದಾ ರದ್ದು ಮಾಡಿದ್ವಿ. ಗಮನಿಸಿ, ರದ್ದು ಮಾಡಿದ್ರೆ ಮುಂದಿನ ಕಂತು ನಿಲ್ಲುತ್ತೆ, ಕೊಟ್ಟ ದುಡ್ಡು ವಾಪಸ್ ಬರಲ್ಲ. ಎರಡೂ ಬೇರೆ ಬೇರೆ ಕೆಲಸ.

ಆಮೇಲೆ ಬ್ರೌಸರ್‌ನಲ್ಲಿ play.google.com ತೆರೆದು, ಅಲ್ಲೂ ಅಪ್ಪನ ಅಕೌಂಟೇ ಇದೆಯಾ ಅಂತ ಎರಡು ಸಲ ನೋಡಿ, ಆರ್ಡರ್ ಪಟ್ಟಿಯಲ್ಲಿ Report a problem ಒತ್ತಿದ್ವಿ. ತಪ್ಪು ಅಕೌಂಟಲ್ಲಿ ಖರೀದಿ ಆಗಿದೆ, ಸರಿಯಾದದ್ದರಲ್ಲಿ ಮತ್ತೆ ತಗೋತೀವಿ ಅಂತ ಎರಡು ಸಾಲು ಬರೆದಳು. ಅಪ್ಪ ರಸೀದಿ ಫಾರ್ವರ್ಡ್ ಮಾಡಿದ್ರು, GPA ಅಂತ ಶುರುವಾಗೋ ಆರ್ಡರ್ ನಂಬರ್ ಅದರಲ್ಲಿತ್ತು. ಅದನ್ನ ಬರೆದಿಟ್ಕೊಂಡ್ವಿ, ಆ್ಯಪ್‌ನವರ ಹತ್ರ ಹೋಗಬೇಕಾಗಿ ಬಂದ್ರೆ ಅವರು ಮೊದಲು ಕೇಳೋದು ಅದನ್ನೇ. ಅರ್ಜಿ ಹಾಕಿದ ಕೂಡಲೇ ರೀಫಂಡ್ ಗ್ಯಾರಂಟಿ ಅಲ್ಲ. ಇವಳಿಗೆ ಸೋಮವಾರ ಸಂಜೆ ಒಪ್ಪಿಗೆ ಬಂತು, ಅದೂ ಅಪ್ಪನ ಮೇಲ್‌ಗೇ.

ಮತ್ತೆ ತಗೊಳ್ಳೋವಾಗ ಬರೀ ಅಕೌಂಟ್ ಬದಲಾಯಿಸಿದ್ರೆ ಸಾಲದು. ಆ್ಯಪ್ ಇಳಿದಿದ್ದೇ ಅಪ್ಪನ ಹೆಸರಲ್ಲಿ. ಅದಕ್ಕೆ ಅದನ್ನ ಪೂರ್ತಿ ತೆಗೆದು, ಪ್ಲೇ ಸ್ಟೋರ್‌ನಲ್ಲಿ ಅವಳ ಜಿಮೇಲ್ ಮುಂದಿಟ್ಟು, ಹೊಸದಾಗಿ ಇನ್‌ಸ್ಟಾಲ್ ಮಾಡಿದ್ವಿ. ಖರೀದಿಯ ಹಾಳೆ ಮೇಲೆ ಬಂದಾಗ ಮೇಲ್ ಐಡಿನ ಅವಳು ಜೋರಾಗಿ ಓದಿದಳು, ಆಮೇಲೆ ಪಿನ್. ಕಾಲೇಜ್ ಐಡಿ ಬೇಕಂತಲೇ ಬಿಟ್ಟಿದ್ದು. ಕೋರ್ಸ್ ಮುಗಿದ ಮೇಲೆ ಕಾಲೇಜು ಆ ಐಡಿ ಮುಚ್ಚಿದ್ರೆ ಅದರ ಜೊತೆ ಖರೀದಿನೂ ಹೋಗುತ್ತೆ.

ಒಂದು ಮಾತು ಬಿಟ್ಟುಹೋಯ್ತು. ಎಲ್ಲಾ ಆ್ಯಪ್‌ಗಳೂ ಹೀಗಿರಲ್ಲ. ಕೆಲವು ಪ್ಲಾನನ್ನ ತಮ್ಮದೇ ಲಾಗಿನ್‌ಗೆ ಕಟ್ಟಿಡ್ತವೆ. ಬೇರೆ ಫೋನಲ್ಲಿ ಅದೇ ನಂಬರಿಂದ ಲಾಗಿನ್ ಆದಾಗ ಪ್ಲಾನ್ ಕಾಣಿಸಿದ್ರೆ ನಿಮ್ಮದು ಆ ಜಾತಿ. ಆಗ ರೀಫಂಡ್ ತಂಟೆ ಬೇಡ. ಆದ್ರೆ ರಸೀದಿ, ಮುಂದಿನ ಕಂತು, ರದ್ದು ಮಾಡೋದು ಎಲ್ಲಾ ಇನ್ನೂ ಅಪ್ಪನ ಅಕೌಂಟಲ್ಲೇ ಇರುತ್ತೆ, ಅವರಿಗೆ ಒಂದು ಮಾತು ಹೇಳಿಡಿ.

ಗುರುವಾರ 1,499 ವಾಪಸ್ ಬಂತು, ಅವಳ ಬ್ಯಾಂಕ್ ಖಾತೆಗೇ, ಯಾಕಂದ್ರೆ ದುಡ್ಡು ಕೊಟ್ಟ ದಾರಿಯಲ್ಲೇ ಹಿಂದಕ್ಕೆ ಬರೋದು. ಅಪ್ಪಂಗೆ ಮಾತ್ರ ಸಮಾಧಾನ ಇಲ್ಲ. "ಮೇಲ್ ನಂಗೆ ಬಂತಲ್ಲ, ದುಡ್ಡು ಯಾಕೆ ಬರ್ಲಿಲ್ಲ?" ಅಂತ ಇನ್ನೂ ಕೇಳ್ತಾನೇ ಇದ್ದಾರೆ.